ಅಳಿಯನಿಗೆ ಅಗೆ ಎಂದೆ, ಶಿಷ್ಯನಿಗೆ ಬೇಡ ಎಂದೆ



ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಒಂದೇ ವಾರದೊಳಗೆ, ಇಬ್ಬರು ನನ್ನಲ್ಲಿ ಒಂದೇ ಪ್ರಶ್ನೆಯನ್ನು ಕೇಳಿದರು. ಮೊದಲನೆಯವನು ನನ್ನ ತಂಗಿಯ ಮಗ. ಅಮೆರಿಕದ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ಮನೆ ಮಾಡಿಕೊಂಡಿದ್ದಾನೆ. ಎರಡನೆಯವನು ನನ್ನ ಹಳೆಯ ವಿದ್ಯಾರ್ಥಿ. ಕವಲೇದುರ್ಗದ ತಪ್ಪಲಿನಲ್ಲಿ, ತನ್ನ ಅಡಕೆ ತೋಟದ ಪಕ್ಕದಲ್ಲಿ, ಆರು ಕೋಣೆಗಳ ಹೋಂಸ್ಟೇ ಕಟ್ಟುತ್ತಿದ್ದನು. ಇಬ್ಬರ ಕೈಯಲ್ಲಿಯೂ ಒಂದೊಂದು ಅಂದಾಜುಪಟ್ಟಿ ಇತ್ತು. ನೆಲದೊಳಗೆ ಪೈಪು ಹೂಳಿ, ಅದಕ್ಕೊಂದು ಹೀಟ್ ಪಂಪು ಜೋಡಿಸುವ ಅಂದಾಜು. ಇಬ್ಬರಿಗೂ ಅದು ಸಾಲ ಮಾಡಿಯೇ ಆಗಬೇಕಾದ ಕೆಲಸ. ಒಬ್ಬನು "ಮಾವಾ, ಅಗೆಸಲೇ?" ಎಂದನು. ಇನ್ನೊಬ್ಬನು "ಸರ್, ಅಗೆಸಲೇ?" ಎಂದನು.

ನಾನು ಅಳಿಯನಿಗೆ ಅಗೆಸು ಎಂದೆ. ಶಿಷ್ಯನಿಗೆ ಬೇಡ ಎಂದೆ. ಇದನ್ನು ಕೇಳಿದ ನಮ್ಮ ನೆಂಟರಲ್ಲಿ ಕೆಲವರು, "ಮೇಷ್ಟ್ರಿಗೆ ಅಮೆರಿಕದವನೆಂದರೆ ಒಂದು ನ್ಯಾಯ, ಊರಿನವನೆಂದರೆ ಇನ್ನೊಂದು ನ್ಯಾಯ" ಎಂದು ತಮಾಷೆ ಮಾಡಿದರು. ನ್ಯಾಯ ಒಂದೇ, ನೆಲ ಬೇರೆ ಎಂಬುದನ್ನು ವಿವರಿಸುವುದಕ್ಕಾಗಿ ಈ ಲೇಖನ.

ಒಂಬತ್ತನೆಯ ತರಗತಿಯ ಮಕ್ಕಳನ್ನು ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಕವಲೇದುರ್ಗಕ್ಕೆ ಕರೆದೊಯ್ಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೆಳದಿ ಅರಸರ ಕೋಟೆಯನ್ನು ನೋಡುವುದು ಮುಖ್ಯ ಉದ್ದೇಶವಾಗಿದ್ದರೂ, ವಿಜ್ಞಾನದ ಮೇಷ್ಟ್ರಾದ ನನಗೆ ಇನ್ನೊಂದು ಉದ್ದೇಶವೂ ಇರುತ್ತಿತ್ತು. ಕೋಟೆಯೊಳಗೆ ಅಗೆಯುವುದು ಸಲ್ಲದು. ಆದುದರಿಂದ ಬಸ್ಸು ನಿಲ್ಲುತ್ತಿದ್ದ ಕೆಳಗಿನ ಗದ್ದೆಯಂಚಿನಲ್ಲಿ, ಒಬ್ಬ ಹುಡುಗನ ಮನೆಯವರ ಅನುಮತಿ ಪಡೆದು, ಒಂದು ಮೊಳ ಆಳದ ಕಿರಿದಾದ ಗುಂಡಿಯನ್ನು ತೆಗೆಸುತ್ತಿದ್ದೆ. ಅದರ ತಳದ ಮಣ್ಣಿಗೆ ಪ್ರಯೋಗಶಾಲೆಯ ಉಷ್ಣಮಾಪಕವನ್ನು ಚುಚ್ಚಿ, ಮೇಲೆ ಮಣ್ಣು ಮುಚ್ಚಿ, ಸ್ವಲ್ಪ ಹೊತ್ತಿನ ಬಳಿಕ ಎತ್ತಿ ನೋಡುವುದು. ಬೆಟ್ಟ ಹತ್ತುವ ಮೊದಲು ಒಮ್ಮೆ, ಇಳಿದು ಬಂದ ಮೇಲೆ ಒಮ್ಮೆ.

ಒಂದು ವರ್ಷದ ಲೆಕ್ಕ ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ಇದೆ. ಬೆಳಿಗ್ಗೆ ಎಂಟು ಗಂಟೆಗೆ ಮೇಲ್ಮಣ್ಣು 19 ಡಿಗ್ರಿ, ಮೊಳದಾಳದಲ್ಲಿ 27. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲು ಬಿದ್ದ ಮೇಲ್ಮಣ್ಣು 51 ಡಿಗ್ರಿ, ಮೊಳದಾಳದಲ್ಲಿ ಅದೇ 27. ಮೇಲೆ ಬರಿಗಾಲು ಇಡಲಾರದಷ್ಟು ಕಾವು. ಒಂದು ಮೊಳ ಕೆಳಗೆ ಆ ಸುದ್ದಿಯೇ ತಲುಪಿಲ್ಲ. ಉಷ್ಣಮಾಪಕ ಕೆಟ್ಟಿದೆಯೆಂದು ಒಬ್ಬ ಹುಡುಗ ವಾದಿಸಿದ್ದನು. ಅದನ್ನು ಅವನ ಕಂಕುಳಲ್ಲಿ ಇಡಿಸಿ ಪಾದರಸ ಏರಿದುದನ್ನು ತೋರಿಸಬೇಕಾಯಿತು.

ನೆಲಕ್ಕೆ ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚು, ಅದನ್ನು ಸಾಗಿಸುವ ವೇಗ ಬಹಳ ಕಡಿಮೆ. ಮೇಲಿನ ಪದರ ಬಿಸಿಯಾಗಿ, ಆ ಬಿಸಿ ಕೆಳಗಿನ ಪದರಕ್ಕೆ ಇಳಿಯುವಷ್ಟರಲ್ಲಿ ಸಂಜೆಯಾಗಿ, ಮೇಲಿನ ಪದರ ತಣ್ಣಗಾಗತೊಡಗುತ್ತದೆ. ಹೀಗೆ ಹಗಲು ರಾತ್ರಿಗಳ ಏರಿಳಿತ ಒಂದು ಮೊಳದೊಳಗೇ ಅಳಿದುಹೋಗುತ್ತದೆ. ಬೇಸಿಗೆ ಚಳಿಗಾಲಗಳ ಏರಿಳಿತ ಹೆಚ್ಚು ನಿಧಾನವಾದುದರಿಂದ ಹೆಚ್ಚು ಆಳಕ್ಕೆ ಇಳಿಯುತ್ತದೆ. ಸಾಮಾನ್ಯ ತೇವದ ಮಣ್ಣಿನಲ್ಲಿ ಎರಡೂವರೆ ಮೀಟರ್ ಆಳಕ್ಕೆ ಹೋದರೆ ಅದು ಮೇಲಿನದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಾಗಿ ಉಳಿದಿರುತ್ತದೆ. ಐದು ಮೀಟರ್‌ಗೆ ಏಳನೆಯ ಒಂದು ಪಾಲು. ಹತ್ತು ಮೀಟರ್ ದಾಟಿದರೆ ಲೆಕ್ಕಕ್ಕೆ ಸಿಗದಷ್ಟು. ಅಲ್ಲಿಂದ ಕೆಳಗೆ ಇರುವುದು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆ, ಅಥವಾ ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು. ನಮ್ಮ ಮನೆಯ ಬಾವಿಯ ತಳದ ನೀರು ಮಾರ್ಗಶಿರದ ಬೆಳಿಗ್ಗೆ ಹಬೆಯಾಡುತ್ತ ಬೆಚ್ಚಗೆನಿಸುತ್ತದೆ, ಚೈತ್ರದ ಮಧ್ಯಾಹ್ನ ತಂಪೆನಿಸುತ್ತದೆ. ಅಳೆದರೆ ಮೊದಲ ಸಲ 23, ಎರಡನೆಯ ಸಲ 24. ಬದಲಾದುದು ನೀರಲ್ಲ, ನಮ್ಮ ಚರ್ಮ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಏರಿಳಿತ ಕೆಳಗಿಳಿಯುತ್ತ ಕುಗ್ಗುವುದು ಮಾತ್ರವಲ್ಲ, ತಡವೂ ಆಗುತ್ತದೆ. ಎರಡೂವರೆ ಮೀಟರ್ ಆಳದಲ್ಲಿ ಈ ತಡ ಸುಮಾರು ಎರಡು ತಿಂಗಳು. ಮೇಲೆ ಜನವರಿಯ ಚಳಿ ಕಚ್ಚುತ್ತಿರುವಾಗ ಅಲ್ಲಿ ಇನ್ನೂ ನವೆಂಬರ್ ನಡೆಯುತ್ತಿರುತ್ತದೆ. ಅಲ್ಲಿಗೆ ಚಳಿಯ ತುದಿ ತಲುಪುವುದು ಮಾರ್ಚಿನಲ್ಲಿ. ಅಷ್ಟರಲ್ಲಿ ಮೇಲಿನವರ ಅಗತ್ಯ ಕಡಿಮೆಯಾಗಿರುತ್ತದೆ.

ಈಗ ಯಂತ್ರಕ್ಕೆ ಬರೋಣ. ಹೀಟ್ ಪಂಪು ಎಂಬುದು ನಿಮ್ಮೆಲ್ಲರ ಮನೆಯಲ್ಲಿಯೂ ಇದೆ. ಅದರ ಹೆಸರು ಫ್ರಿಜ್ಜು. ಅದರ ಹಿಂಬದಿಗೆ ಅಥವಾ ಪಕ್ಕಕ್ಕೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಒಳಗಿನ ಹಾಲು, ತರಕಾರಿಗಳಿಂದ ಎತ್ತಿ ತಂದ ಶಾಖವೇ ಅದು, ಜೊತೆಗೆ ಯಂತ್ರ ತಿಂದ ವಿದ್ಯುತ್ತಿನ ಶಾಖ. ಬಹಳ ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವ ಒಂದು ದ್ರವ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ತಣ್ಣನೆಯ ಕಡೆಯಲ್ಲಿ ಅದು ಕುದಿದು ಅನಿಲವಾಗುತ್ತದೆ. ಕುದಿಯುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಅನಿಲವನ್ನು ಒತ್ತುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಅದೂ ಬಿಸಿಯಾಗುತ್ತದೆ. ಬಿಸಿಯಾದ ಅನಿಲ ಇನ್ನೊಂದು ಕಡೆಯಲ್ಲಿ ತನ್ನ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆಮೇಲೆ ಕಿರಿದಾದ ಕಿಂಡಿಯೊಂದರಿಂದ ನುಸುಳಿ, ಒತ್ತಡ ಇಳಿದು, ತಣ್ಣಗಾಗಿ ಹಿಂದಕ್ಕೆ ಬರುತ್ತದೆ. ಮನೆಯನ್ನು ಹೀಗೆ ಬಿಸಿಮಾಡಬಹುದೆಂದು ಲಾರ್ಡ್ ಕೆಲ್ವಿನ್ 1852ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಶಾಖವನ್ನು ಎತ್ತಿಕೊಳ್ಳಲು ನೆಲವನ್ನು ಬಳಸಬಹುದೆಂಬ ವಿಚಾರಕ್ಕೆ ಹೈನ್ರಿಶ್ ಝೋಲಿ ಎಂಬ ಎಂಜಿನಿಯರ್ 1912ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಪೇಟೆಂಟ್ ಪಡೆದರು.

ಈ ಯಂತ್ರದ ಕಷ್ಟಸುಖವೆಲ್ಲ ಒಂದೇ ಸಂಗತಿಯಲ್ಲಿದೆ: ಶಾಖವನ್ನು ಎಷ್ಟು ಮೆಟ್ಟಿಲು ಹತ್ತಿಸಬೇಕು? ಮೂರು ಮೆಟ್ಟಿಲು ಕೆಳಗಿರುವ ಕೊಡವನ್ನು ಎತ್ತುವುದಕ್ಕೂ ಮೂವತ್ತು ಮೆಟ್ಟಿಲು ಕೆಳಗಿರುವುದನ್ನು ಎತ್ತುವುದಕ್ಕೂ ಇರುವ ವ್ಯತ್ಯಾಸ ಇದು. ಅತ್ಯುತ್ತಮವಾದ ಆದರ್ಶ ಯಂತ್ರಕ್ಕೆ ಲೆಕ್ಕ ಸುಲಭ. ಬಿಸಿ ಕಡೆಯ ಉಷ್ಣತೆಯನ್ನು ಕೆಲ್ವಿನ್ನಿನಲ್ಲಿ ಬರೆದು, ಬಿಸಿ ತಣ್ಣನೆಗಳ ಅಂತರದಿಂದ ಭಾಗಿಸಿದರೆ, ಒಂದು ಪಾಲು ವಿದ್ಯುತ್ತಿಗೆ ಎಷ್ಟು ಪಾಲು ಶಾಖ ದೊರೆಯುತ್ತದೆ ಎಂಬುದು ತಿಳಿಯುತ್ತದೆ. ನಿಜವಾದ ಯಂತ್ರಗಳು ಇದರ ಅರ್ಧವನ್ನು, ಹಲವು ಸಲ ಅದಕ್ಕಿಂತಲೂ ಕಡಿಮೆಯನ್ನು ಕೊಡುತ್ತವೆ; ಆದರೆ ಹೋಲಿಕೆಗೆ ಈ ಲೆಕ್ಕ ಸಾಕು.

ಅಳಿಯನ ಊರನ್ನು ತೆಗೆದುಕೊಳ್ಳೋಣ. 2019ರ ಜನವರಿ 30ರ ಬೆಳಿಗ್ಗೆ ಮಿನಿಯಾಪೊಲಿಸ್‌ನಲ್ಲಿ ಗಾಳಿಯ ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಕೆಳಗಿತ್ತು. ಮನೆಗೆ ಬಿಡುವ ಬಿಸಿ 40 ಡಿಗ್ರಿ ಎಂದಿಟ್ಟುಕೊಂಡರೆ ಅದು 313 ಕೆಲ್ವಿನ್. ಗಾಳಿಯಿಂದ ಶಾಖ ಎತ್ತುವ ಯಂತ್ರ 73 ಡಿಗ್ರಿ ಏರಿಸಬೇಕು. 313ನ್ನು 73ರಿಂದ ಭಾಗಿಸಿದರೆ 4.3. ನೆಲದೊಳಗಿನ ಪೈಪಿನಿಂದ ಬರುವ ದ್ರವ ಸೊನ್ನೆ ಡಿಗ್ರಿಯದಾದರೆ ಏರಿಸಬೇಕಾದುದು 40 ಮಾತ್ರ. 313ನ್ನು 40ರಿಂದ ಭಾಗಿಸಿದರೆ 7.8. ಅದೇ ವಿದ್ಯುತ್ತಿಗೆ ಸುಮಾರು ಇಮ್ಮಡಿ ಶಾಖ.

ಆದರೆ ನನ್ನ ಅಳಿಯನಿಗೆ ನಾನು ಒತ್ತಿ ಹೇಳಿದುದು ಈ ವಿದ್ಯುತ್ತಿನ ಉಳಿತಾಯವನ್ನಲ್ಲ. ಜಾಹೀರಾತುಗಳೆಲ್ಲ ಅದನ್ನೇ ಹೇಳುತ್ತವೆ. ಹೆಚ್ಚು ಮುಖ್ಯವಾದುದು ಯಂತ್ರ ಕೊಡುವ ಒಟ್ಟು ಶಾಖ. ಕಂಪ್ರೆಸರ್ ಒಂದು ಸುತ್ತಿಗೆ ಒಳಗೆಳೆದುಕೊಳ್ಳುವ ಅನಿಲದ ಗಾತ್ರ ಬದಲಾಗುವುದಿಲ್ಲ, ಸೇರು ಒಂದೇ. ಆದರೆ ತಣ್ಣನೆಯ ಕಡೆ ಹೆಚ್ಚು ತಣ್ಣಗಾದಂತೆ ಅಲ್ಲಿನ ಅನಿಲದ ಒತ್ತಡ ಇಳಿದು, ಅದು ತೆಳುವಾಗುತ್ತದೆ. ಇಂದು ಬಳಕೆಯಲ್ಲಿರುವ ಸಾಮಾನ್ಯ ಶೀತಕಗಳಲ್ಲಿ, ಕುದಿಯುವ ಉಷ್ಣತೆ ಸೊನ್ನೆಗಿಂತ 5 ಕೆಳಗಿನಿಂದ 30 ಕೆಳಕ್ಕೆ ಇಳಿದರೆ, ಅದೇ ಸೇರಿನೊಳಗೆ ಹಿಡಿಯುವ ಅನಿಲದ ತೂಕ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಸಾಗಿಸುವ ಪದಾರ್ಥವೇ ಕಡಿಮೆಯಾದಾಗ ಸಾಗುವ ಶಾಖವೂ ಕಡಿಮೆ. ಅಂದರೆ ಹೊರಗೆ ಚಳಿ ಹೆಚ್ಚಾದಂತೆ ಮನೆ ಹೆಚ್ಚು ಶಾಖ ಕೇಳುತ್ತದೆ, ಗಾಳಿಯಂತ್ರ ಕಡಿಮೆ ಕೊಡುತ್ತದೆ. ಸಾಲ ಬೇಕಾದ ದಿನವೇ ಬಾಗಿಲು ಹಾಕಿಕೊಳ್ಳುವ ಸಾಹುಕಾರನಂತೆ.

ಅಳಿಯನ ಮನೆಗೆ ಸೊನ್ನೆಗಿಂತ 25 ಕೆಳಗಿರುವ ರಾತ್ರಿಯಲ್ಲಿ 10 ಕಿಲೋವಾಟ್ ಶಾಖ ಬೇಕು. ಹಿತವಾದ ಹವೆಯಲ್ಲಿ 10 ಕಿಲೋವಾಟ್ ಕೊಡುವ ಸಾಧಾರಣ ಗಾಳಿಯಂತ್ರ ಆ ರಾತ್ರಿ ಸುಮಾರು 5 ಕೊಟ್ಟೀತು. ಅದಕ್ಕೆ ತಿನ್ನುವ ವಿದ್ಯುತ್ತು ಸುಮಾರು 3. ಉಳಿದ 5 ಕಿಲೋವಾಟನ್ನು ಇಸ್ತ್ರಿಪೆಟ್ಟಿಗೆಯಂಥ ಬರಿಯ ವಿದ್ಯುತ್ ತಂತಿಯಿಂದ ಕಾಯಿಸಬೇಕು. ಒಟ್ಟು 8 ಕಿಲೋವಾಟ್ ವಿದ್ಯುತ್ತು. ನೆಲದ ಯಂತ್ರ ಅದೇ 10 ಕಿಲೋವಾಟ್ ಶಾಖವನ್ನು 3 ಕಿಲೋವಾಟ್ ವಿದ್ಯುತ್ತಿನಿಂದ ಕೊಡುತ್ತದೆ. ಇದಲ್ಲದೆ, ಹೊರಗಿನ ಗಾಳಿ ಸೊನ್ನೆಯ ಆಸುಪಾಸಿನಲ್ಲಿ ತೇವವಾಗಿದ್ದಾಗ ಗಾಳಿಯಂತ್ರದ ಹೊರಸುರುಳಿಯ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಕೆಲವು ನಿಮಿಷ ಹಿಮ್ಮುಖವಾಗಿ ಓಡಿ, ಮನೆಯ ಶಾಖವನ್ನೇ ಹೊರಗೆ ಒಯ್ಯಬೇಕಾಗುತ್ತದೆ. ಹೂತಿರುವ ಪೈಪಿಗೆ ಈ ತೊಂದರೆಯೇ ಇಲ್ಲ.

ಗಾಳಿಯಂತ್ರದ ಪರವಾಗಿಯೂ ಹೇಳಬೇಕಾದುದನ್ನು ಹೇಳಬೇಕು. ಚಳಿಪ್ರದೇಶಕ್ಕೆಂದೇ ಮಾಡಿದ ಇಂದಿನ ಯಂತ್ರಗಳು ಚಳಿ ಹೆಚ್ಚಾದಾಗ ಕಂಪ್ರೆಸರನ್ನು ವೇಗವಾಗಿ ಓಡಿಸಿ ಕೊರತೆಯನ್ನು ಬಹಳಮಟ್ಟಿಗೆ ತುಂಬಿಕೊಳ್ಳುತ್ತವೆ. ಉತ್ತಮವಾದವು ಸೊನ್ನೆಗಿಂತ 15 ಕೆಳಗಿನವರೆಗೂ ತಮ್ಮ ಪೂರ್ಣ ಶಾಖವನ್ನು ಕೊಡುತ್ತವೆ. ಚಳಿ ಅಷ್ಟಕ್ಕೇ ನಿಲ್ಲುವ ಊರಿನಲ್ಲಿ ಅಗೆಯುವ ಮೊದಲು ಎರಡು ಸಲ ಯೋಚಿಸಬೇಕು. ಆದರೆ 25ರಿಂದ 30 ಕೆಳಗೆ ಹೋದರೆ ಅವುಗಳಲ್ಲಿ ಅನೇಕವು ನಿಂತೇಬಿಡುತ್ತವೆ. ಅಳಿಯನ ಊರಿನ ಚಳಿ ಅಲ್ಲಿಯವರೆಗೂ ಹೋಗುತ್ತದೆ.

ಇನ್ನು ಹೂಳುವ ಪೈಪು. ಅದು ವಿಚಿತ್ರವಾದ ವಸ್ತುವೇನೂ ಅಲ್ಲ; ಗುಡ್ಡದ ಅಬ್ಬಿನೀರನ್ನು ತೋಟಕ್ಕೆ ತರಲು ನಾವು ಬಳಸುವ ಕಪ್ಪು ಪೈಪಿನ ಜಾತಿಯದೇ. ಜಾಗ ವಿಶಾಲವಾಗಿದ್ದರೆ ಆರರಿಂದ ಎಂಟು ಅಡಿ ಆಳದ ಕಂದಕ ತೋಡಿ ಅಡ್ಡಲಾಗಿ ಹಾಸುತ್ತಾರೆ. ಮಿನಿಯಾಪೊಲಿಸ್ ಸುತ್ತಿನಲ್ಲಿ ನೆಲ ಹೆಪ್ಪುಗಟ್ಟುವ ಆಳವನ್ನು ಮೂರೂವರೆ ಅಡಿಯೆಂದು ಕಟ್ಟಡದ ನಿಯಮಗಳು ಲೆಕ್ಕ ಹಿಡಿಯುತ್ತವೆ. ಪೈಪು ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ಜಾಗ ಕಿರಿದಾದರೆ ನಮ್ಮ ಬೋರುಬಾವಿಯಂತೆ ನೇರವಾಗಿ ಕೊರೆದು, ತಳದಲ್ಲಿ ಬಾಗಿ ಹಿಂದಕ್ಕೆ ಬರುವ ಜೋಡಿ ಪೈಪನ್ನು ಇಳಿಬಿಡುತ್ತಾರೆ. ಆಮೇಲೆ ರಂಧ್ರದ ಖಾಲಿ ಜಾಗವನ್ನು ಬೆಂಟೊನೈಟ್ ಎಂಬ ಜೇಡಿಯ ಗಾರೆಯಿಂದ ತಳದಿಂದ ಮೇಲಕ್ಕೆ ತುಂಬುತ್ತ ಬರಬೇಕು. ಮೇಲಿನಿಂದ ಸುರಿದರೆ ನಡುವೆ ಗಾಳಿ ಉಳಿಯುತ್ತದೆ. ಗಾಳಿ ಶಾಖಕ್ಕೆ ಅಡ್ಡಗೋಡೆ. ಪೈಪಿನ ಕೀಲುಗಳನ್ನು ತಿರುಪಿನಿಂದಲ್ಲ, ಕಾಯಿಸಿ ಬೆಸೆಯುವುದರಿಂದ ಕೂಡಿಸುತ್ತಾರೆ. ಒಳಗೆ ಸುತ್ತುವುದು ನೀರು, ಹೆಪ್ಪುಗಟ್ಟದಿರಲು ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಬೆರಸಿರುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಇದಕ್ಕೆ "ಜಿಯೋಥರ್ಮಲ್" ಎಂಬ ಹೆಸರಿರುವುದರಿಂದ ಭೂಗರ್ಭದ ಬೆಂಕಿಯನ್ನು ಮೇಲೆ ತರುತ್ತಾರೆಂದು ಅನೇಕರು ನಂಬುತ್ತಾರೆ. ಆಳಕ್ಕೆ ಹೋದಂತೆ ನೆಲ ಬಿಸಿಯಾಗುವುದು ನೂರು ಮೀಟರ್‌ಗೆ ಸುಮಾರು 3 ಡಿಗ್ರಿ ಮಾತ್ರ. ಅರವತ್ತು ಮೀಟರಿನ ರಂಧ್ರದಲ್ಲಿ ಅದು ಗಣನೆಗೆ ಬಾರದಷ್ಟು. ಇಲ್ಲಿ ಬಳಸುತ್ತಿರುವುದು ಬಹುಪಾಲು ಸೂರ್ಯನ ಬಿಸಿಯನ್ನು, ವರ್ಷಗಟ್ಟಲೆ ನೆಲ ಕೂಡಿಟ್ಟುಕೊಂಡುದನ್ನು. ಕೂಡಿಟ್ಟ ಧನ ಎಂದ ಮೇಲೆ ಅದಕ್ಕೊಂದು ಮಿತಿಯೂ ಇದ್ದೇ ಇರುತ್ತದೆ.

ಆ ಮಿತಿಯನ್ನು ನನಗೆ ಕಲಿಸಿದ್ದು ಅಳಿಯನ ಬೀದಿಯಲ್ಲಿಯೇ ಇದ್ದ ಇನ್ನೊಂದು ಮನೆ. ಅವರದೂ ಅಷ್ಟೇ ದೊಡ್ಡ ಮನೆ, ಅದೇ ಅಳತೆಯ ಯಂತ್ರ. ಆದರೆ ಕೆಲಸ ವಹಿಸಿಕೊಂಡವರು ಮೂರು ರಂಧ್ರಗಳ ಬದಲಿಗೆ ಎರಡೇ ಸಾಕೆಂದು ವೆಚ್ಚ ಇಳಿಸಿದ್ದರು. ಮೊದಲ ಚಳಿಗಾಲ ಸುಖವಾಗಿ ಕಳೆಯಿತು. ನಾಲ್ಕನೆಯ ಚಳಿಗಾಲದಲ್ಲಿ ವಿದ್ಯುತ್ ಬಿಲ್ಲು ನೋಡಿ ಅವರು ಗಾಬರಿಯಾದರು. ಅಳಿಯನೂ ಗಾಬರಿಯಾಗಿಯೇ ನನಗೆ ಕರೆ ಮಾಡಿದ್ದನು. ಅವನ ಅಂದಾಜುಪಟ್ಟಿಯಲ್ಲಿಯೂ "ಎರಡು ಅಥವಾ ಮೂರು" ಎಂದೇ ಬರೆದಿತ್ತು.

ನಾವಿಬ್ಬರೂ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆವು. ಮನೆಗೆ ಬೇಕಾದ 10 ಕಿಲೋವಾಟಿನಲ್ಲಿ 3 ವಿದ್ಯುತ್ತಿನಿಂದ ಬಂದರೆ ನೆಲ ಕೊಡಬೇಕಾದುದು 7. ಅರವತ್ತು ಮೀಟರಿನ ಮೂರು ರಂಧ್ರಗಳೆಂದರೆ 180 ಮೀಟರ್. ಒಂದೊಂದು ಮೀಟರಿನ ಮೇಲೆ ಬೀಳುವ ಹೊರೆ 39 ವಾಟ್. ಎರಡೇ ರಂಧ್ರಗಳಾದರೆ 58 ವಾಟ್. ಶಾಖ ತಾನಾಗಿ ಪೈಪಿಗೆ ಹರಿದು ಬರಬೇಕಾದರೆ ಪೈಪು ನೆಲಕ್ಕಿಂತ ತಣ್ಣಗಿರಬೇಕು. ಹೊರೆ ಹೆಚ್ಚಿದಷ್ಟೂ ಈ ಅಂತರ ಹೆಚ್ಚಬೇಕು. ಅಲ್ಲಿನ ಮಣ್ಣಿನಲ್ಲಿ 39 ವಾಟಿಗೆ ಸುಮಾರು 10 ಡಿಗ್ರಿ ಅಂತರ ಬೇಕಾದರೆ 58 ವಾಟಿಗೆ 15. ಅಲ್ಲಿನ ಆಳದ ನೆಲ 9 ಅಥವಾ 10 ಡಿಗ್ರಿಯದು. ಆದ್ದರಿಂದ ಮೂರು ರಂಧ್ರವಿದ್ದರೆ ದ್ರವ ಸೊನ್ನೆಯ ಸಮೀಪ ನಿಲ್ಲುತ್ತದೆ. ಎರಡಿದ್ದರೆ ಸೊನ್ನೆಗಿಂತ 5 ಕೆಳಗೆ ಇಳಿಯುತ್ತದೆ. ಅದು ಮೊದಲ ವರ್ಷದ ಮಾತು. ಚಳಿಗಾಲದಲ್ಲಿ ಎಳೆದುಕೊಂಡುದು ಬೇಸಿಗೆಯಲ್ಲಿ ಪೂರ್ತಿ ತುಂಬಿ ಬಾರದಿದ್ದರೆ ರಂಧ್ರದ ಸುತ್ತಲಿನ ನೆಲವೇ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತ ಹೋಗುತ್ತದೆ. ಕೊನೆಗೆ ಅದೂ ಗಾಳಿಯಂತ್ರದ ಹಾಗೆಯೇ ಸೋಲತೊಡಗಿ, ಬಿಸಿತಂತಿ ಉರಿಯತೊಡಗುತ್ತದೆ. ಆ ನೆರೆಮನೆಯವರಿಗೆ ಆದುದು ಇದೇ. ಅವರು ಬೇಸಿಗೆಯಲ್ಲಿ ಕಿಟಕಿ ತೆರೆದಿಡುವವರು, ತಂಪಿಗಾಗಿ ಯಂತ್ರ ಓಡಿಸಿ ನೆಲಕ್ಕೆ ಶಾಖ ಹಿಂದಿರುಗಿಸಿದವರೂ ಅಲ್ಲ.

ಆದುದರಿಂದ ನಾನು ಹೇಳುವುದೇನೆಂದರೆ, ನೆಲದ ಯಂತ್ರದ ಸ್ಥಿರತೆ ಭೂಮಿತಾಯಿಯ ವರವಲ್ಲ. ಅದು ಪೈಪಿನ ಉದ್ದದಲ್ಲಿ ಇರುತ್ತದೆ. ಭೂಮಿ ದಾನಿಯೇ ಸರಿ, ಆದರೆ ನಿಧಾನಿ. ಉದ್ದವನ್ನು ಕಡಿಮೆ ಮಾಡಿ ಉಳಿಸಿದ ಹಣ ಉಳಿತಾಯವಲ್ಲ. ಅಳಿಯನಿಗೆ, "ಮೂರನೆಯ ರಂಧ್ರಕ್ಕೆ ಹಣವಿಲ್ಲದಿದ್ದರೆ ಅಗೆಯಲೇ ಬೇಡ, ಉತ್ತಮವಾದ ಗಾಳಿಯಂತ್ರ ಹಾಕಿಸಿ ಅತಿಚಳಿಯ ದಿನಗಳಿಗೆ ಈಗಿರುವ ಗ್ಯಾಸಿನ ಒಲೆಯನ್ನು ಉಳಿಸಿಕೋ" ಎಂದೆ. ಅವನು ಅಡುಗೆಮನೆಯ ನವೀಕರಣವನ್ನು ಮುಂದೂಡಿ ಮೂರು ರಂಧ್ರಗಳನ್ನು ಕೊರೆಸಿದನು. ಒಂದರಿಂದ ಒಂದು ಇಪ್ಪತ್ತು ಅಡಿ ದೂರ. ಹತ್ತಿರವಾದರೆ ಒಂದೇ ತಟ್ಟೆಯಿಂದ ಮೂವರು ಉಂಡಂತಾಗುತ್ತದೆ.

ಸ್ಥಿತಿ ಸರಿಯಾಗಿದೆಯೇ ಎಂದು ತಿಳಿಯಲು ದೊಡ್ಡ ಸಲಕರಣೆ ಬೇಡ. ನೆಲದಿಂದ ಯಂತ್ರಕ್ಕೆ ಬರುವ ಪೈಪಿಗೊಂದು, ಹಿಂದಿರುಗುವ ಪೈಪಿಗೊಂದು ಉಷ್ಣಮಾಪಕ ಸಾಕು. ಅವನ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 35 ಲೀಟರ್ ದ್ರವ ಹರಿಯುತ್ತದೆ. 7 ಕಿಲೋವಾಟ್ ಎಳೆದುಕೊಳ್ಳುವಾಗ ಎರಡರ ನಡುವಣ ಅಂತರ ಸುಮಾರು 3 ಡಿಗ್ರಿ ಇರಬೇಕು. ಅಂತರ ಇದ್ದಕ್ಕಿದ್ದಂತೆ 5 ಅಥವಾ 6 ಆದರೆ ದ್ರವ ಸರಿಯಾಗಿ ಹರಿಯುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬಹುದು, ಸುತ್ತಿಸುವ ಪಂಪು ಸೋತಿರಬಹುದು. ಅದು ಸರಿಪಡಿಸಬಹುದಾದ ಕೆಲಸ. ಅಂತರ 3ರಲ್ಲಿಯೇ ಇದ್ದು ಎರಡೂ ಉಷ್ಣತೆಗಳು ವರ್ಷದಿಂದ ವರ್ಷಕ್ಕೆ ಜೊತೆಯಾಗಿ ಇಳಿಯುತ್ತಿದ್ದರೆ ಸೋಲುತ್ತಿರುವುದು ಯಂತ್ರವಲ್ಲ, ನೆಲ. ಪ್ರತಿ ಫೆಬ್ರವರಿ ಹತ್ತನೆಯ ತಾರೀಕು, ಯಂತ್ರ ಒಂದು ಗಂಟೆ ಓಡಿದ ಮೇಲೆ, ಒಳಬರುವ ದ್ರವದ ಉಷ್ಣತೆಯನ್ನು ಬರೆದು ಕಳುಹಿಸು ಎಂದು ಅವನಿಗೆ ಹೋಂವರ್ಕ್ ಕೊಟ್ಟಿದ್ದೇನೆ. ಮೊದಲ ವರ್ಷ 1 ಡಿಗ್ರಿ ಬಂದಿತ್ತು, ಎರಡನೆಯ ವರ್ಷ ಅರ್ಧ, ಮೂರನೆಯ ವರ್ಷವೂ ಅರ್ಧ. ನಿಂತಿದೆ. ಬೇಸಿಗೆಯಲ್ಲಿ ಅವನು ಮನೆ ತಂಪಾಗಿಸಲು ಅದೇ ಯಂತ್ರವನ್ನು ಹಿಮ್ಮುಖವಾಗಿ ಓಡಿಸುವುದೂ ಇದಕ್ಕೆ ಸಹಾಯವಾಗಿದೆ.

ಈಗ ಕವಲೇದುರ್ಗದ ತಪ್ಪಲಿಗೆ ಬರೋಣ. ನನ್ನ ಶಿಷ್ಯನಿಗೆ ಬೇಕಾದುದು ಎರಡು: ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ಕೋಣೆಗಳಿಗೆ ತಂಪು, ಮತ್ತು ವರ್ಷವಿಡೀ ಅತಿಥಿಗಳ ಸ್ನಾನಕ್ಕೆ ಬಿಸಿನೀರು. "ಸರ್, ಭೂಮಿ ಯಾವಾಗಲೂ 24 ಡಿಗ್ರಿ ಎಂದು ನೀವೇ ಪಾಠ ಮಾಡಿದ್ದಿರಿ. ಹೊರಗೆ 35 ಇರುವಾಗ ನೆಲಕ್ಕೆ ಶಾಖ ಬಿಡುವುದು ಲಾಭವಲ್ಲವೇ?" ಎಂದು ಅವನು ಕೇಳಿದನು. ಒಳ್ಳೆಯ ಪ್ರಶ್ನೆ. ಶಿಷ್ಯನು ಪಾಠವನ್ನು ಮರೆತಿರಲಿಲ್ಲ. ಪಾಠ ಮಾಡಿದವನು ಅರ್ಧಕ್ಕೇ ನಿಲ್ಲಿಸಿದ್ದನು.

ಪೈಪಿಗೆ ಶಾಖ ಬರಬೇಕಾದರೆ ಅದು ನೆಲಕ್ಕಿಂತ ತಣ್ಣಗಿರಬೇಕು ಎಂದೆನಲ್ಲವೇ? ಹಾಗೆಯೇ, ಪೈಪು ನೆಲಕ್ಕೆ ಶಾಖ ಬಿಡಬೇಕಾದರೆ ಅದು ನೆಲಕ್ಕಿಂತ ಬಿಸಿಯಾಗಿರಬೇಕು. ಅದೇ 10 ಡಿಗ್ರಿ ಅಂತರ ಹಿಡಿದರೆ 24ರ ನೆಲದಲ್ಲಿ ದ್ರವ 34 ಆಗಿರುತ್ತದೆ. ಹೊರಗಿನ ಗಾಳಿ 35. ಇಷ್ಟೆಲ್ಲ ಅಗೆದು ಗಳಿಸಿದ್ದು ಒಂದು ಡಿಗ್ರಿ! ಅದೂ ಅಲ್ಲದೆ, ತಂಪಾಗಿಸುವಾಗ ವಿದ್ಯುತ್ತಿನ ಶಾಖವೂ ನೆಲಕ್ಕೇ ಹೋಗಬೇಕು. ಕೋಣೆಗಳಿಂದ 10 ಕಿಲೋವಾಟ್ ಎತ್ತಿದರೆ, ಯಂತ್ರ ತಿನ್ನುವ ಎರಡೂವರೆ ಸೇರಿ, ನೆಲದ ಮೇಲೆ ಬೀಳುವುದು ಹನ್ನೆರಡೂವರೆ. ಅಳಿಯನ ನೆಲ ಹೊತ್ತದ್ದು 7 ಮಾತ್ರ. ಅಂದರೆ ಅದೇ ಅಂತರವನ್ನು ಕಾಯ್ದುಕೊಳ್ಳಲು, ಮಣ್ಣು ಅಷ್ಟೇ ಒಳ್ಳೆಯದಾಗಿದ್ದರೂ, ಪೈಪು ಸುಮಾರು ಒಂದೂಮುಕ್ಕಾಲು ಪಟ್ಟು ಉದ್ದ ಇರಬೇಕು. ನಮ್ಮ ಜಂಬಿಟ್ಟಿಗೆ ನೆಲವೋ ಮಳೆಗಾಲದಲ್ಲಿ ನೀರು ಕುಡಿದು ಶಾಖವನ್ನು ಚೆನ್ನಾಗಿ ಸಾಗಿಸೀತು. ತಂಪು ಬೇಕಾದ ಏಪ್ರಿಲಿನಲ್ಲಿ ಅದರ ಮೇಲ್ಭಾಗ ಒಣಗಿರುತ್ತದೆ. ಒಣ ಮಣ್ಣು ಒದ್ದೆ ಮಣ್ಣಿಗಿಂತ ಹಲವು ಪಟ್ಟು ಕೆಟ್ಟ ವಾಹಕ. ಅಳಿಯನ ನೆಲಕ್ಕೆ ಬೇಸಿಗೆಯಲ್ಲಿ ಬಿಟ್ಟ ಶಾಖವನ್ನು ಚಳಿಗಾಲ ತೆಗೆದುಕೊಳ್ಳುತ್ತದೆ. ಮನೆ ಕಾಯಿಸುವ ಚಳಿಗಾಲವೇ ಇಲ್ಲದ ಊರಿನಲ್ಲಿ ಅಷ್ಟು ಶಾಖವನ್ನು ಹಿಂದಕ್ಕೆ ಕೇಳುವವರು ಯಾರು?

ಬಿಸಿನೀರಿನ ಲೆಕ್ಕ ಇನ್ನೂ ಸ್ವಾರಸ್ಯಕರ. ನೀರನ್ನು 55 ಡಿಗ್ರಿಗೆ, ಅಂದರೆ 328 ಕೆಲ್ವಿನ್ನಿಗೆ ಏರಿಸಬೇಕು. ನೆಲದಿಂದ ಎಳೆದರೆ ದ್ರವ 24ಕ್ಕಿಂತ ಕೆಳಗೆ, 16ಕ್ಕೆ ಇಳಿದಿರುತ್ತದೆಂದು ಹಿಡಿಯೋಣ: 328ನ್ನು 39ರಿಂದ ಭಾಗಿಸಿದರೆ 8.4. ಡಿಸೆಂಬರಿನ ಬೆಳಗಿನ 14 ಡಿಗ್ರಿಯ ಗಾಳಿಯಿಂದ ಎಳೆದರೆ 328 ಭಾಗಿಸು 41, ಅಂದರೆ 8. ಹೆಚ್ಚು ಕಡಿಮೆ ಸಮ. ಆದರೆ ಬೆಳಿಗ್ಗೆಯೇ ಏಕೆ ಓಡಿಸಬೇಕು? ಮಧ್ಯಾಹ್ನದ 28 ಡಿಗ್ರಿಯ ಗಾಳಿಯಲ್ಲಿ ಓಡಿಸಿ, ಚೆನ್ನಾಗಿ ಹೊದಿಕೆ ಹಾಕಿದ ಟ್ಯಾಂಕಿನಲ್ಲಿ ನೀರನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಂಡರೆ 328 ಭಾಗಿಸು 27, ಅಂದರೆ 12. ನಮ್ಮ ಊರಿನಲ್ಲಿ ಗಾಳಿಯೇ ನೆಲವನ್ನು ಗೆಲ್ಲುತ್ತದೆ. ಅಳಿಯನ ಊರಿನ ಗಾಳಿಯ ಅವಗುಣವಾದ ಏರಿಳಿತ ಇಲ್ಲಿ ನಮಗೆ ಅನುಕೂಲವಾಗಿ ಒದಗುತ್ತದೆ. ಬೆಚ್ಚಗಿನ ಗಳಿಗೆಯನ್ನು ನಾವು ಆರಿಸಿಕೊಳ್ಳಬಹುದು.

"ಹಾಗಾದರೆ ಏನು ಮಾಡಲಿ ಸರ್?" ಎಂದನು. ನೀರಿಗೆ ಗಾಳಿಯಿಂದ ಶಾಖ ಎತ್ತುವ ಸಣ್ಣ ಹೀಟ್ ಪಂಪು ಹಾಕಿಸಿ ಮಧ್ಯಾಹ್ನ ಓಡಿಸು, ಕೋಣೆಗಳಿಗೆ ಹೆಂಚಿನ ಕೆಳಗೆ ಅಟ್ಟ ಕಟ್ಟಿಸು, ಪಡುವಣ ಗೋಡೆಗೆ ಜಗುಲಿಯ ನೆರಳು ಕೊಡು, ಅಷ್ಟಾದ ಮೇಲೂ ಸೆಕೆಯೆನ್ನುವ ಅತಿಥಿಗಳಿಗೆ ಎರಡು ಕೋಣೆಗೆ ಸಾಧಾರಣ ಎ.ಸಿ. ಸಾಕು ಎಂದೆ. ಅವನು ಹಾಗೆಯೇ ಮಾಡಿದನು. ಸಾಲದ ಮೊತ್ತ ಅರ್ಧಕ್ಕಿಂತ ಕೆಳಗಿಳಿಯಿತು. ಅಂದಾಜುಪಟ್ಟಿ ಕೊಟ್ಟವರು ಮಾತ್ರ, "ನಿಮ್ಮ ಮೇಷ್ಟ್ರು ಹಳೆಯ ಕಾಲದವರು" ಎಂದರಂತೆ.

ಹಳೆಯ ಕಾಲದವನು ಎಂಬುದನ್ನು ಒಪ್ಪುತ್ತೇನೆ. ಹೊಸ ಯಂತ್ರ ಬೇಡವೆಂದು ನಾನು ಹೇಳಿಲ್ಲ. ನೆಲದ ಸ್ಥಿರತೆಗೆ ಸ್ವಂತ ಬೆಲೆಯಿಲ್ಲ; ಗಾಳಿ ಎಷ್ಟು ಅಸ್ಥಿರವೋ ಅಷ್ಟೇ ಅದರ ಬೆಲೆ. ಬೇಸಿಗೆಗೂ ಚಳಿಗಾಲಕ್ಕೂ ಸರಾಸರಿಯಲ್ಲೇ ಮೂವತ್ತು ಡಿಗ್ರಿ ಅಂತರವಿರುವ ಮಿನ್ನೆಸೋಟದಲ್ಲಿ ಅದಕ್ಕೆ ದೊಡ್ಡ ಬೆಲೆ ಕೊಡಬಹುದು. ಬೆಳಗಿನ ಕಂಬಳಿಯನ್ನು ಹತ್ತು ಗಂಟೆಗೆ ಮಡಚಿಡುವ ನಮ್ಮ ಮಲೆನಾಡಿನಲ್ಲಿ, ಗಾಳಿಯ ತಪ್ಪುಗಳನ್ನು ಕ್ಷಮಿಸಲು ಒಂದು ಒಳ್ಳೆಯ ಟ್ಯಾಂಕು ಸಾಕು. ಯಾರಾದರೂ ನಿಮಗೆ ನೆಲದ ಯಂತ್ರವನ್ನು ಮಾರಲು ಬಂದರೆ ಅದರ ಹೊಗಳಿಕೆಯನ್ನೆಲ್ಲ ಕೇಳಿ ಮುಗಿಸಿ, "ನಿಮ್ಮ ಪೈಪು ಎಷ್ಟು ಮೀಟರ್? ಮೀಟರಿಗೆ ಎಷ್ಟು ವಾಟ್? ಅಷ್ಟು ಹೊರೆ ಬಿದ್ದಾಗ ದ್ರವ ಎಷ್ಟು ಡಿಗ್ರಿ?" ಎಂದು ಕೇಳಿ. ಉತ್ತರ ಬಾರದಿದ್ದರೆ ಕಾಫಿ ಕೊಟ್ಟು ಕಳುಹಿಸಿ.

ಹೊರದೇಶಗಳ ಚಳಿಯಲ್ಲಿ ಇಂಥ ಯಂತ್ರವನ್ನು ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳಿದ್ದರೆ, ನಿಮ್ಮ ಫೆಬ್ರವರಿಯ ಅಳತೆಯನ್ನೂ, ರಂಧ್ರದ ಒಟ್ಟು ಉದ್ದವನ್ನೂ ನನಗೆ ಬರೆದು ತಿಳಿಸಿ. ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ.